ಮೇಡಂಗೆ ಬರೆದ ಬೀಳ್ಕೊಡುಗೆ ಪತ್ರ: ಮೂರು ಡ್ರಾಫ್ಟ್‌ನ ಕಥೆ

ನಾನಿರೋದು ಪೀಣ್ಯ ಕಡೆ ಒಂದು ಮೆಷಿನ್ ಪಾರ್ಟ್ಸ್ ಕಂಪನಿಯ ಅಕೌಂಟ್ಸ್‌ನಲ್ಲಿ. ಕಳೆದ ನವೆಂಬರ್‌ನಲ್ಲಿ ನಮ್ ಮ್ಯಾನೇಜರ್ ಮೇಡಂ ಕೆಲಸ ಬಿಟ್ರು, ಎರಡು ತಿಂಗಳ ನೋಟಿಸ್ ಮುಗಿಸಿ, ಯಾರ ಜೊತೆನೂ ಬೇಜಾರಿಲ್ಲದೆ, ಒಳ್ಳೆ ಕಡೆ ಸಿಕ್ಕಿತ್ತು ಹೊರಟ್ರು ಅಷ್ಟೆ. ಕೊನೇ ದಿನ 28ನೇ ತಾರೀಖು, ಶುಕ್ರವಾರ. ಅದ್ಕಿಂತ ಒಂದು ವಾರ ಮುಂಚೆ ನಮ್ ಟೀಮ್‌ನ ಚಿಕ್ಕ ಹುಡುಗಿ, ತಿಪಟೂರು ಕಡೆಯವಳು, ಸೇರಿ ಎರಡು ವರ್ಷ ಆಗಿರ್ಬಹುದು, ಊಟದ ಟೈಮಲ್ಲಿ ಫೋನ್ ತಂದು ನನ್ ಮುಂದೆ ಇಟ್ಟು, ಅಕ್ಕ ಮೇಡಂಗೆ ಏನೋ ಬರ್ದಿದೀನಿ, ಕಳಿಸ್ಬಹುದಾ ಅಂತ ಒಂದ್ಸಲ ನೋಡಿ ಅಂದ್ಲು.

ಓದಿದೆ. ಮನಸ್ಸಿಟ್ಟು ಬರೆದಿದ್ಲು, ಓದ್ತಾ ಓದ್ತಾ ನನ್ಗೂ ಗಂಟಲು ಕಟ್ತು. ಆದ್ರೆ ಕಳಿಸೋ ಹಂಗಿರ್ಲಿಲ್ಲ. ಯಾಕೆ ಇರ್ಲಿಲ್ಲ, ಆಮೇಲೆ ಹೆಂಗೆ ಸರಿ ಹೋಯ್ತು ಅನ್ನೋದನ್ನ ಇಲ್ಲಿ ಪೂರ್ತಿ ಬರೀತಿದೀನಿ, ಅವಳನ್ನ ಕೇಳಿನೇ ಬರೀತಿದೀನಿ.

ಮೊದಲ್ನೇ ಡ್ರಾಫ್ಟ್ ಎರಡು ಪೇಜ್ ಮೇಲಿತ್ತು. ಅದ್ರಲ್ಲಿ ನಾಲ್ಕು ಸಾಲು ನನ್ಗೆ ಚುಚ್ಚಿದ್ದು. ಒಂದು, "ನೀವು ನನಗೆ ಎರಡನೇ ತಾಯಿ ಇದ್ದಂಗೆ". ಎರಡು, "ನನ್ನ ಇಂಕ್ರಿಮೆಂಟ್‌ಗೋಸ್ಕರ ನೀವು ಪ್ಲಾಂಟ್ ಹೆಡ್ ಹತ್ರ ಎಷ್ಟು ಹೊಡೆದಾಡಿದ್ರಿ ಅಂತ ನನಗೆ ಗೊತ್ತು". ಮೂರು, "ನೀವು ಹೋದ್ಮೇಲೆ ನಾವೆಲ್ಲ ಇಲ್ಲಿ ಅನಾಥರು". ಕೊನೇಲಿ, "ಅಲ್ಲಿ ಏನಾದ್ರೂ ಜಾಗ ಇದ್ರೆ ನನ್ನನ್ನೂ ಕರ್ಕೊಳ್ಳಿ". ಇದಲ್ಲದೆ ಅವಳ ಅಮ್ಮನ ಆಪರೇಷನ್ ಕಥೆ ಒಂದಿಡೀ ಪೇಜು, ಯಾವ ಆಸ್ಪತ್ರೆ, ಎಷ್ಟು ಖರ್ಚಾಯ್ತು, ಯಾವ ಡಾಕ್ಟ್ರು ಏನಂದ್ರು ಎಲ್ಲ.

ಎಲ್ಲಾನೂ ನಿಜವೇ. ಆದ್ರೆ ಪತ್ರ ಒಂದ್ಸಲ ನಮ್ ಕೈ ಬಿಟ್ಟು ಹೋದ್ಮೇಲೆ ಅದು ನಮ್ದಲ್ಲ, ಯಾರ್ ಯಾರ ಕಣ್ಣಿಗೆ ಬೀಳುತ್ತೋ ಗೊತ್ತಿರಲ್ಲ. ಇಂಕ್ರಿಮೆಂಟ್ ಸಾಲು ತಗೊಳ್ಳಿ. ಮೇಡಂ ಒಂದಿನ ನಂಬಿಕೆ ಮೇಲೆ ಹೇಳಿದ್ದ ಮಾತದು. ಅದನ್ನ ಬರೆದಿಟ್ರೆ ಒಳಗಿನ ಮಾತನ್ನ ಮೇಡಂ ಜೂನಿಯರ್‌ಗೆ ಹೇಳಿದ್ರು ಅನ್ನೋದಕ್ಕೆ ಅವ್ರ ಹೆಸರಲ್ಲೇ ಒಂದು ಸಾಕ್ಷಿ ಉಳ್ದಂಗೆ ಆಯ್ತು. ಥ್ಯಾಂಕ್ಸ್ ಹೇಳೋಕೆ ಹೋಗಿ ಅವ್ರನ್ನೇ ಸಿಕ್ಕಿಸಿದ ಹಾಗೆ.

ತಾಯಿ ಅನ್ನೋ ಸಾಲಂತೂ ಅವಳಿಗೆ ತುಂಬ ಇಷ್ಟ, ಅದನ್ನ ಮಾತ್ರ ತೆಗಿಯಲ್ಲ ಅಂತ ಹಠ ಮಾಡಿದ್ಲು. ನಾನು ಅವಳಿಗೆ ಹೇಳಿದ್ದು ಇಷ್ಟು. ನಮ್ ಟೀಮಲ್ಲಿ ಏಳು ಜನ ಇದೀವಿ, ಅದ್ರಲ್ಲಿ ಇಬ್ರಿಗೆ ಈ ವರ್ಷ ರೇಟಿಂಗ್ ಕಮ್ಮಿ ಬಂತು, ಕೊಟ್ಟಿದ್ದು ಇದೇ ಮೇಡಂ. ನೀನು ಮಗಳು ಅಂತಾದ್ರೆ ಅವ್ರಿಬ್ರು ಏನ್ ಅಂದ್ಕೋಬೇಕು? ಮೇಡಂ ಹತ್ತು ವರ್ಷ ಈ ಸೀಟಲ್ಲಿ ಕೂತು ಎಲ್ರನ್ನೂ ಒಂದೇ ತಕ್ಕಡೀಲಿ ತೂಗಿದ್ರು ಅಂತ ಹೆಸರು ತಗೊಂಡಿದಾರೆ, ಹೋಗೋ ದಿನ ಆ ತಕ್ಕಡಿ ಮೇಲೆ ನೀನ್ಯಾಕೆ ಬೆರಳಿಡ್ತೀಯ. ಇದು ಅವಳಿಗೆ ತಟ್ಟಂತ ಅರ್ಥ ಆಯ್ತು. ಮ್ಯಾನೇಜರ್‌ಗೆ ಬರೆಯೋ ಪತ್ರ ಬರೀ ಇಬ್ಬರ ಮಧ್ಯದ್ದಲ್ಲ, ಉಳಿದೋರೂ ಆ ರೂಮಲ್ಲೇ ಇರ್ತಾರೆ.

ಅನಾಥರು ಅನ್ನೋ ಮಾತೂ ಹಾಗೇ. ಮೇಡಂ ಜಾಗಕ್ಕೆ ಬರ್ತಿದ್ದವ್ರು ಹೊರಗಿನವ್ರಲ್ಲ, ಪಕ್ಕದ ಸಾಲಲ್ಲಿ ಸ್ಟೋರ್ಸ್ ಅಕೌಂಟ್ಸ್ ನೋಡ್ಕೊಳ್ತಿದ್ದ ಸರ್ರೇ. ಅವ್ರ ಕೈ ಕೆಳಗೆ ಸೋಮವಾರದಿಂದ ಕೆಲಸ ಮಾಡ್ಬೇಕು. ಆ ಸಾಲು ಅವ್ರ ಕಿವಿಗೆ ಬಿದ್ರೆ, ಬೀಳೋದು ಗ್ಯಾರಂಟಿ, ಏನೂ ತಪ್ಪು ಮಾಡ್ದೇ ಇರೋ ಮನುಷ್ಯನಿಗೆ ಮೊದಲ್ನೇ ದಿನವೇ ಮನಸ್ಸು ಮುರಿಯುತ್ತೆ.

ಇನ್ನು ಕರ್ಕೊಳ್ಳಿ ಅನ್ನೋದು. ಬಹಳ ಕಂಪನಿಗಳ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ, ಬಿಟ್ಟು ಹೋದ್ಮೇಲೆ ಇಂತಿಷ್ಟು ದಿನ ಹಳೇ ಟೀಮ್‌ನವರನ್ನ ಎಳ್ಕೊಂಡು ಹೋಗ್ಬಾರ್ದು ಅಂತ ಒಂದು ಕಂಡೀಷನ್ ಹಾಕಿರ್ತಾರೆ. ಆಫೀಸ್ ಮೇಲ್‌ನಲ್ಲಿ ಆ ಮಾತು ಬಂದ್ರೆ, ಮೇಡಂ ಏನೂ ಮಾಡ್ದೇ ಇದ್ರೂ ಅವ್ರ ಮೇಲೆ ಅನುಮಾನ, ಬರೆದವಳ ಮೇಲೂ "ಇವಳೂ ಹೊರಟ್ಲು" ಅನ್ನೋ ಗುರುತು. ಕೆಲಸ ಬೇಕಿದ್ರೆ ಆರು ತಿಂಗಳು ಬಿಟ್ಟು ಫೋನ್ ಮಾಡಿ ಕೇಳು, ಅದು ತಪ್ಪಲ್ಲ, ಆದ್ರೆ ಥ್ಯಾಂಕ್ಸ್ ಹೇಳೋ ಪತ್ರದಲ್ಲೇ ಅರ್ಜಿ ಹಾಕಿದ್ರೆ ಮೇಲೆ ಬರೆದಿದ್ದೆಲ್ಲ ಅರ್ಜಿಗೋಸ್ಕರವೇ ಬರೆದಂಗೆ ಕಾಣುತ್ತೆ ಅಂದೆ.

ನಾನು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ತುಂಬ ವರ್ಷದ ಹಿಂದೆ ಬೇರೆ ಒಂದು ಕಂಪನೀಲಿದ್ದಾಗ ನಮ್ ಸರ್ ಒಬ್ರು ಬಿಟ್ಟು ಹೋಗುವಾಗ ಎಲ್ರಿಗೂ ಒಂದು ಮೇಲ್ ಹಾಕಿದ್ರು, ನಾನು ಅದಕ್ಕೆ ರಿಪ್ಲೈ ಆಲ್ ಕೊಟ್ಟು, ಓವರ್‌ಟೈಮ್ ವಿಷಯದಲ್ಲಿ ಮ್ಯಾನೇಜ್‌ಮೆಂಟ್ ಎದುರು ನಮ್ ಪರವಾಗಿ ನಿಂತಿದ್ದು ನೀವೊಬ್ರೇ ಸರ್ ಅಂತ ಬರೆದೆ. ಪ್ರೀತಿಯಿಂದಲೇ ಬರೆದಿದ್ದು. ಅರ್ಧ ಗಂಟೇಲಿ ಎಚ್‌ಆರ್‌ನವ್ರು ಅವ್ರನ್ನ ಒಳಗೆ ಕರೆದ್ರು, ನೀವು ಸ್ಟಾಫ್‌ಗೆ ಏನ್ ಹೇಳಿದ್ರಿ, ಯಾವಾಗ ಹೇಳಿದ್ರಿ ಅಂತ ಕೇಳಿದ್ರು, ರಿಲೀವಿಂಗ್ ಲೆಟರ್ ಎರಡು ವಾರ ತಡ ಆಯ್ತು, ಹೊಸ ಕಂಪನಿಯವ್ರು ಅದನ್ನೇ ಕೇಳ್ತಾ ಕೂತಿದ್ರು. ಸರ್ ನನ್ಗೆ ಒಂದು ಮಾತೂ ಅನ್ಲಿಲ್ಲ. ಇವತ್ತಿಗೂ ಅದು ನನ್ಗೆ ನೋವು ಕೊಡೋ ವಿಷಯ.

ಸರಿ, ಎರಡನೇ ಡ್ರಾಫ್ಟ್‌ಗೆ ಬರ್ತೀನಿ. ನಾನು ಹೇಳಿದ್ದೆಲ್ಲ ಕೇಳಿ ಹೆದರ್ಕೊಂಡು ಹುಡುಗಿ ಮಾರನೇ ದಿನ ಇನ್ನೊಂದು ತಂದ್ಲು. "ಮಾನ್ಯರೇ, ತಮ್ಮ ಅಮೂಲ್ಯವಾದ ಮಾರ್ಗದರ್ಶನ ಹಾಗೂ ನಿರಂತರ ಪ್ರೋತ್ಸಾಹಕ್ಕಾಗಿ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತಾ, ತಮ್ಮ ಮುಂದಿನ ವೃತ್ತಿಜೀವನವು ಯಶಸ್ವಿಯಾಗಲೆಂದು ಹಾರೈಸುತ್ತೇನೆ." ಇದ್ರಲ್ಲಿ ಒಂದೂ ತಪ್ಪಿಲ್ಲ, ಒಂದೂ ಉಸಿರಿಲ್ಲ. ರಿಟೈರ್ ಆದ ಹೆಡ್‌ಮಾಸ್ಟರ್‌ಗೆ ಶಾಲು ಹೊದಿಸಿ ಫ್ರೇಮ್ ಹಾಕಿ ಕೊಡೋ ಸನ್ಮಾನ ಪತ್ರದ ಥರ ಇತ್ತು. ಮೇಡಂ ಹೆಸರು ತೆಗೆದು ಇನ್ಯಾರ ಹೆಸರು ಹಾಕಿದ್ರೂ ನಡೆಯುತ್ತೆ, ಅಲ್ಲೇ ಗೊತ್ತಾಗೋದು ಪತ್ರ ಸತ್ತಿದೆ ಅಂತ.

ಇಲ್ಲಿ ಒಂದು ವಿಷಯ ನನ್ಗೆ ಹೊಳೀತು, ಮೊದಲು ನಾನೂ ಇದನ್ನ ಯೋಚ್ನೆ ಮಾಡಿರ್ಲಿಲ್ಲ. ಗೌರವ ತೋರ್ಸೋಕೆ ಅಂತ ನಾವು "ತಾವು", "ಮಾನ್ಯರೇ", "ಅರ್ಪಿಸುತ್ತಾ" ಅಂತೆಲ್ಲ ಹಾಕ್ತೀವಿ. ಆದ್ರೆ ಕನ್ನಡದಲ್ಲಿ "ಹೇಳ್ಕೊಟ್ರಿ" ಅನ್ನೋ ಒಂದೇ ಮಾತಲ್ಲಿ ಗೌರವ ಆಗ್ಲೇ ಬಂದ್ಬಿಟ್ಟಿದೆ. "ಹೇಳ್ಕೊಟ್ಟೆ" ಅಲ್ಲ, "ಹೇಳ್ಕೊಟ್ರಿ". ಆ "ರಿ" ಸಾಕು. ದಿನಾ ಆಫೀಸಲ್ಲಿ ಅವಳು ಮೇಡಂ ಜೊತೆ ಮಾತಾಡೋದು ಹಂಗೇ, ಸಲಿಗೆನೂ ಇದೆ, ಎಲ್ಲಿ ನಿಲ್ಲಿಸ್ಬೇಕು ಅನ್ನೋ ಗೆರೆನೂ ಇದೆ. ಹಾಗಿದ್ಮೇಲೆ ಪತ್ರದಲ್ಲಿ ಮಾತ್ರ ಯಾಕೆ ಬೇರೆ ಭಾಷೆ? ನೀನು ಮೇಡಂ ಟೇಬಲ್ ಹತ್ರ ನಿಂತು ಹೆಂಗೆ ಮಾತಾಡ್ತೀಯೋ ಹಂಗೇ ಬರಿ, ನೀವು ಅಂತಿರ್ಲಿ, ಮೇಡಂ ಅಂತಿರ್ಲಿ, ಅದಕ್ಕಿಂತ ಮೇಲೂ ಹೋಗ್ಬೇಡ ಕೆಳಗೂ ಇಳೀಬೇಡ ಅಂದೆ.

ಆದ್ರೆ ಏನ್ ಬರೀಲಿ ಅಕ್ಕ, ನೀವು ಎಲ್ಲ ಹೊಡೆದು ಹಾಕಿದ್ರಲ್ಲ ಅಂದ್ಲು. ಆಗ ಒಂದು ಪ್ರಶ್ನೆ ಕೇಳಿದೆ, ಮೇಡಂ ಹೋದ್ಮೇಲೆ ಯಾವತ್ತು, ಏನ್ ಕೆಲಸ ಮಾಡ್ತಾ ಇರುವಾಗ ನಿನಗೆ ಅವ್ರ ನೆನಪಾಗುತ್ತೆ? ಒಂದ್ ಸೆಕೆಂಡೂ ತಗೊಳ್ಲಿಲ್ಲ, 14ನೇ ತಾರೀಖು ಅಂದ್ಲು.

ಜಿಎಸ್‌ಟಿ ಕೆಲಸ ಮಾಡೋರಿಗೆ ಇದು ಹೇಳ್ಬೇಕಿಲ್ಲ, ಬೇರೆಯವ್ರಿಗೆ ಸ್ವಲ್ಪ ಹೇಳ್ತೀನಿ. ನಾವು ಮಾಲು ಕೊಂಡಾಗ ಕಟ್ಟಿದ ಟ್ಯಾಕ್ಸನ್ನ ನಾವು ಕಟ್ಬೇಕಾದ ಟ್ಯಾಕ್ಸಲ್ಲಿ ಕಳೀಬಹುದು, ಅದಕ್ಕೇ ಕ್ರೆಡಿಟ್ ಅನ್ನೋದು, ಆದ್ರೆ ಮಾರಿದವ್ನು ತನ್ನ ರಿಟರ್ನ್‌ನಲ್ಲಿ ಆ ಬಿಲ್ ತೋರಿಸಿರ್ಬೇಕು. ತಿಂಗಳ ಲೆಕ್ಕ ಹಾಕೋರು ಅದನ್ನ 11ನೇ ತಾರೀಖಿನ ಒಳಗೆ ಹಾಕ್ತಾರೆ, 14ಕ್ಕೆ ನಮ್ಗೆ 2ಬಿ ಅಂತ ಒಂದು ಪಟ್ಟಿ ಬರುತ್ತೆ, ಅದ್ರಲ್ಲಿ ಇರೋ ಬಿಲ್‌ಗೆ ಮಾತ್ರ ಕ್ರೆಡಿಟ್. 20ರೊಳಗೆ ನಾವು 3ಬಿ ಅನ್ನೋ ನಮ್ ರಿಟರ್ನ್ ಹಾಕ್ಬೇಕು. ಈ ಹುಡುಗಿ ಸೇರಿದ ನಾಲ್ಕನೇ ತಿಂಗಳು 2ಬಿ ನೋಡದೆ ನಮ್ ಪರ್ಚೇಸ್ ರಿಜಿಸ್ಟರ್ ಇಟ್ಕೊಂಡೇ ಕ್ರೆಡಿಟ್ ತಗೊಂಡಿದ್ಲು. ಒಂದು ದೊಡ್ಡ ಬಿಲ್ 2ಬಿನಲ್ಲಿ ಇರ್ಲೇ ಇಲ್ಲ, ವೆಂಡರ್ ನಮ್ ಜಿಎಸ್‌ಟಿ ನಂಬರ್ ತಪ್ಪು ಹಾಕಿದ್ದ. 19ನೇ ತಾರೀಖು ಸಂಜೆ ಮೇಡಂ ಕಣ್ಣಿಗೆ ಬಿತ್ತು.

ಅವತ್ತು ನಾನೂ ಅಲ್ಲೇ ಇದ್ದೆ. ಮೇಡಂ ತಾವೇ ಐದು ನಿಮಿಷದಲ್ಲಿ ಆ ಬಿಲ್ ತೆಗೆದು ಹಾಕಿ ಮನೆಗೆ ಹೋಗ್ಬಹುದಿತ್ತು. ಹೋಗ್ಲಿಲ್ಲ. ಎರಡೂ ಪಟ್ಟಿ ಪ್ರಿಂಟ್ ತೆಗೆಸಿದ್ರು, ಪಕ್ಕದಲ್ಲಿ ಚೇರ್ ಎಳ್ಕೊಂಡು ಕೂತ್ರು, ಸ್ಟೀಲ್ ಸ್ಕೇಲ್ ಒಂದನ್ನ ಸಾಲಿನ ಕೆಳಗೆ ಇಟ್ಟು, ಪೆನ್ಸಿಲ್ ಅವಳ ಕೈಗೆ ಕೊಟ್ಟು, ಈಗ ಓದು, ಸಿಕ್ಕಿದ್ರೆ ಟಿಕ್ ಹಾಕು, ಸಿಗ್ದಿದ್ರೆ ಸುತ್ತು ಹಾಕು ಅಂದ್ರು. ಸ್ಕೇಲ್ ಒಂದೊಂದೇ ಸಾಲು ಕೆಳಗೆ ಜಾರ್ತಾ ಹೋಯ್ತು. ಎಂಟೂವರೆ ಆಯ್ತು ಮುಗಿಯೋಷ್ಟ್ರಲ್ಲಿ. ವೆಂಡರ್ ಮುಂದಿನ ತಿಂಗಳ ರಿಟರ್ನ್‌ನಲ್ಲಿ ನಂಬರ್ ತಿದ್ದಿ ಹಾಕಿದ ಮೇಲೆ ಆ ಕ್ರೆಡಿಟ್ ಬಂತು. ಅವತ್ತಿಂದ ಹುಡುಗಿ ಎಕ್ಸೆಲ್‌ನಲ್ಲಿ ಮ್ಯಾಚ್ ಮಾಡಿದ್ರೂ ಉಳ್ಕೊಂಡ ಬಿಲ್‌ಗಳನ್ನ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟೇ ನೋಡ್ತಾಳೆ.

ಇದನ್ನ ಬರಿ ಅಂದೆ. ಇದು ಕೆಲಸದ ಮಾತು, ಯಾರ ಗುಟ್ಟೂ ಇದ್ರಲ್ಲಿಲ್ಲ, ಆದ್ರೆ ಬೇರೆ ಯಾರಿಗೂ ಈ ಪತ್ರ ಬರೆಯೋಕೆ ಆಗಲ್ಲ. ತಾಯಿ ಅಂತ ಬರೀದೇನೆ ಆ ಅಕ್ಕರೆ ಸ್ಕೇಲ್ ಒಳಗೆ ಬಂದ್ಬಿಡುತ್ತೆ. ಮೂರನೇ ಡ್ರಾಫ್ಟ್ ಅವಳು ಮನೇಲಿ ಕೂತು ಬರೆದಿದ್ದು, ನಾನು ಎರಡು ಕಡೆ ಮಾತ್ರ ಕೈ ಹಾಕಿದೆ. ಅವಳ ಒಪ್ಪಿಗೆ ಮೇಲೆ ಪೂರ್ತಿ ಹಾಕ್ತಿದೀನಿ:

"ಮೇಡಂ, ನಮಸ್ಕಾರ.

ನಾನು ಸೇರಿದ ನಾಲ್ಕನೇ ತಿಂಗಳು 2ಬಿನಲ್ಲಿ ಇಲ್ಲದ ಒಂದು ಬಿಲ್‌ಗೆ ಕ್ರೆಡಿಟ್ ತಗೊಂಡಿದ್ದೆ. 3ಬಿ ಹಾಕೋ ಹಿಂದಿನ ಸಂಜೆ ನೀವು ಅದನ್ನ ನೋಡಿದ್ರಿ. ನೀವೇ ಸರಿ ಮಾಡಿ ಮುಗಿಸ್ಬಹುದಿತ್ತು. ಅದರ ಬದಲು ಪ್ರಿಂಟ್ ತೆಗೆಸಿ, ಸ್ಕೇಲ್ ಇಟ್ಟು, ಒಂದೊಂದೇ ಸಾಲು ನನ್ನ ಕೈಲೇ ಟಿಕ್ ಹಾಕಿಸಿದ್ರಿ. ಈಗಲೂ ಪ್ರತಿ ತಿಂಗಳು 14ನೇ ತಾರೀಖು ನಾನು ಹಾಗೇ ಮಾಡ್ತೀನಿ. ತಪ್ಪು ಸಿಕ್ಕಿದಾಗ ಹೆದರಿಕೆ ಆಗಲ್ಲ, ಸಿಕ್ತಲ್ಲ ಅಂತ ಸಮಾಧಾನ ಆಗುತ್ತೆ. ಅದು ನೀವು ಕಲಿಸಿದ್ದು.

ಈ ವರ್ಷ ನಮ್ಮ ಮನೇಲಿ ಕಷ್ಟ ಇದ್ದ ಎರಡು ವಾರ ನೀವು ನನ್ನ ಕೆಲಸ ಹಂಚಿ ಕೊಟ್ಟು ರಜಾ ಕೊಟ್ರಿ. ಕೆಲಸ ತಗೊಂಡ ಟೀಮ್‌ನವ್ರಿಗೂ ನಿಮಗೂ ನಮ್ಮ ಮನೆಯವ್ರೆಲ್ಲ ಋಣಿಗಳು.

ಬಾಕಿ ಇರೋ ವೆಂಡರ್ ಫಾಲೋಅಪ್ ಪಟ್ಟಿ ಸರ್‌ಗೆ ಕೊಟ್ಟಿದೀನಿ, ಅದರ ಬಗ್ಗೆ ನೀವು ಯೋಚನೆ ಮಾಡ್ಬೇಡಿ.

ಹೋಗೋ ಕಡೆ ಎಲ್ಲ ಒಳ್ಳೇದಾಗ್ಲಿ ಮೇಡಂ. ಹೋಗ್ಬನ್ನಿ."

ನಾನು ಕೈ ಹಾಕಿದ ಮೊದಲ್ನೇ ಜಾಗ ಆ ಬಿಲ್. ಅವಳು ವೆಂಡರ್ ಹೆಸರು, ಟ್ಯಾಕ್ಸ್ ಎಷ್ಟು ಲಕ್ಷ ಅಂತ ಎಲ್ಲ ಬರೆದಿದ್ಲು. ಇಂಥ ಪತ್ರ ಸಿಕ್ಕಿದವ್ರು ಇಟ್ಕೋಬೇಕು ಅಂತ ತಮ್ಮ ಸ್ವಂತ ಮೇಲ್‌ಗೆ ಕಳಿಸ್ಕೊಳ್ತಾರೆ, ಅದ್ರಲ್ಲಿ ಕಂಪನಿ ಲೆಕ್ಕ ಇದ್ರೆ ಒಳಗಿನ ಮಾಹಿತಿ ಹೊರಗೆ ಕಳಿಸಿದ ಹಾಗೆ, ಕೊನೇ ವಾರದಲ್ಲಿ ಅದನ್ನ ಕಂಪ್ಯೂಟರ್ ನೋಡ್ಕೊಳ್ಳೋ ಐಟಿಯವ್ರು ನೋಡ್ತಾನೇ ಇರ್ತಾರೆ. ಹಾಗಾಗಿ ಹೆಸರು, ಮೊತ್ತ ಎರಡೂ ತೆಗೆಸಿದೆ. ಸ್ಕೇಲ್ ನೆನಪಿರೋರಿಗೆ ಬಿಲ್ಲೂ ನೆನಪಿರುತ್ತೆ.

ಎರಡನೇದು ಮನೇಲಿ ಕಷ್ಟ ಅನ್ನೋ ಸಾಲು. ಒಂದು ಪೇಜ್ ಒಂದು ಸಾಲಾಯ್ತು. ಅಮ್ಮನ ಆರೋಗ್ಯದ ವಿಷಯ ಅಮ್ಮಂದು, ಆಫೀಸ್ ಸರ್ವರ್‌ನಲ್ಲಿ ಅದು ಕೂರೋದು ಬೇಡ. ಮೇಡಂಗೆ ಎಲ್ಲ ಗೊತ್ತೇ ಇದೆ, ಗೊತ್ತಿರೋದನ್ನ ವಿವರಿಸೋಕೆ ಹೋದ್ರೆ ಅದು ಬೇರೆಯವ್ರು ಓದ್ಲಿ ಅಂತ ಬರೆದಂಗೆ ಆಗುತ್ತೆ. ಕೆಲಸ ಹಂಚ್ಕೊಂಡ ಟೀಮ್‌ನವ್ರನ್ನೂ ಸೇರಿಸು ಅಂತ ನಾನೇ ಹೇಳಿದ್ದು, ಯಾಕಂದ್ರೆ ಆ ಎರಡು ವಾರ ಅವಳ ಬಿಲ್ಲುಗಳನ್ನ ನೋಡಿದ್ದು ರೇಟಿಂಗ್ ಕಮ್ಮಿ ಬಂದಿದ್ದ ಆ ಇಬ್ರೇ.

ಸರ್‌ಗೆ ಪಟ್ಟಿ ಕೊಟ್ಟಿದೀನಿ ಅನ್ನೋ ಸಾಲು ಪೂರ್ತಿ ಅವಳದೇ, ನನ್ಗೆ ತುಂಬ ಹಿಡಿಸ್ತು. ಹೋಗೋ ಮ್ಯಾನೇಜರ್‌ಗೆ ಒಳಗೊಳಗೇ ಇರೋ ಚಿಂತೆ ಅದೊಂದೇ, ಬಿಟ್ಟು ಹೋಗ್ತಿರೋ ಕೆಲಸ ಏನಾಗುತ್ತೋ ಅಂತ. ಅದಕ್ಕೆ ಉತ್ತರ ಸಿಕ್ತು, ಹೊಸ ಸರ್‌ಗೂ ಒಂದು ಮರ್ಯಾದೆ ಸಿಕ್ತು. ಮತ್ತೆ ಕೊನೇ ಮಾತು. ವಿದಾಯ ಅಂತ ಮೊದ್ಲು ಬರೆದಿದ್ದವಳು ತಾನೇ ಹೊಡೆದು ಹಾಕಿ ಹೋಗ್ಬನ್ನಿ ಅಂತ ಬರೆದ್ಲು. ನಮ್ಮ ಮನೆಗಳಲ್ಲಿ ಹೊರಡೋರಿಗೆ ಯಾರೂ ಬರೀ ಹೋಗಿ ಅನ್ನಲ್ಲ, ಹೋಗಿ ಬನ್ನಿ ಅಂತಾನೇ ಅನ್ನೋದು.

ಕಳಿಸಿದ್ದು ಬುಧವಾರ 26ಕ್ಕೆ, ಬೆಳಗ್ಗೆ. ಅವಳು ಶುಕ್ರವಾರ ಸಂಜೆ ಕಳಿಸ್ಬೇಕು ಅಂತಿದ್ಲು. ಕೊನೇ ದಿನ ಮೇಡಂ ನೋ ಡ್ಯೂ ಫಾರ್ಮ್ ಹಿಡ್ಕೊಂಡು ಸ್ಟೋರ್ಸ್, ಐಟಿ, ಅಡ್ಮಿನ್ ಅಂತ ಸುತ್ತುತಾ ಇರ್ತಾರೆ, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ವಾಪಸ್, ಸಂಜೆಗೆ ಮೇಲ್ ಐಡಿ ಕ್ಲೋಸ್. ಆವಾಗ ಕಳಿಸಿದ್ದು ಓದೋಕೇ ಸಿಗಲ್ಲ. ಮೇಡಂ ಒಬ್ರಿಗೇ ಕಳಿಸಿದ್ಲು, ಯಾರನ್ನೂ ಸಿಸಿ ಇಟ್ಟಿಲ್ಲ. ಯಾರೂ ಓದ್ಬಾರ್ದು ಅಂತಲ್ಲ, ಯಾರು ಓದಿದ್ರೂ ತೊಂದ್ರೆ ಇಲ್ಲದ ಹಂಗೆ ಬರೆದು ಒಬ್ರಿಗೇ ಕಳಿಸೋದು, ಎಲ್ರ ಮುಂದೆ ತೋರ್ಸಿದ್ರೆ ಅದು ಮೇಡಂಗೆ ಬರೆದಿದ್ದು ಅನ್ಸಲ್ಲ. ಎಲ್ರೂ ಸೈನ್ ಮಾಡೋ ಗ್ರೀಟಿಂಗ್ ಕಾರ್ಡ್‌ನಲ್ಲಿ ಅವಳು ಬರೆದಿದ್ದು ಒಂದೇ ಸಾಲು, 14ನೇ ತಾರೀಖು ಬಂದಾಗೆಲ್ಲ ನೆನಪಾಗ್ತೀರ ಮೇಡಂ ಅಂತ. ವಾಟ್ಸಾಪ್ ಗ್ರೂಪಲ್ಲಿ ಹಾಕ್ಲಿಲ್ಲ, ಅಲ್ಲಿ ಹೂವಿನ ಸ್ಟಿಕ್ಕರ್‌ಗಳ ಮಧ್ಯೆ ಸಿಕ್ಕಿ ಹೋಗ್ತಿತ್ತು.

ತಾಯಿ ಇದ್ದಂಗೆ ಅನ್ನೋ ಮಾತು, ಇಂಕ್ರಿಮೆಂಟ್‌ಗೆ ಥ್ಯಾಂಕ್ಸ್, ಇವೆರಡನ್ನ ಗುರುವಾರ ಊಟ ಆದ್ಮೇಲೆ ಮೇಡಂ ಜೊತೆ ಗೇಟ್ ತನಕ ನಡ್ಕೊಂಡು ಹೋಗಿ ಬಾಯಲ್ಲಿ ಹೇಳಿದ್ಲಂತೆ. ಅದು ಅಲ್ಲಿಗೆ ಸರಿ. ಬರೆಯೋಕೆ ಆಗದ ಮಾತು ಹೇಳ್ಬಾರ್ದ ಮಾತೇನಲ್ಲ.

ಒಂದು ವಿಷಯ, ಇದೆಲ್ಲ ನಡೆದಿದ್ದು ಮೇಡಂ ತಾವಾಗೇ, ಸಂತೋಷವಾಗಿ ಹೊರಟಿದ್ರಿಂದ. ಕಂಪನಿಯವ್ರೇ ಬಿಡು ಅಂದು ಕಳಿಸ್ತಿರೋರಿಗೆ ಆದ್ರೆ ನಾನು ಆಫೀಸ್ ಮೇಲ್ ಮುಟ್ಟೋದೇ ಬೇಡ ಅಂತೀನಿ, ಒಂದು ವಾರ ಬಿಟ್ಟು ಸ್ವಂತ ಫೋನಿಂದ ಮಾಡಿ ಮಾತಾಡೋದೇ ವಾಸಿ, ಹೊಸ ಕಡೆ ಒಳ್ಳೇದಾಗ್ಲಿ ಅನ್ನೋ ಮಾತು ಆವಾಗ ಚುಚ್ಚುತ್ತೆ. ಇನ್ನು ಅಷ್ಟಕ್ಕಷ್ಟೇ ಇದ್ದ ಮ್ಯಾನೇಜರ್ ಆದ್ರೆ ಎರಡೇ ಸಾಲು ಸಾಕು, ಅವ್ರಿಂದ ನಿಜವಾಗ್ಲೂ ಕಲಿತ ಒಂದು ಕೆಲಸದ ಹೆಸರು ಹೇಳಿ, ಒಳ್ಳೇದಾಗ್ಲಿ ಅಂತ ಬರೆದು ನಿಲ್ಲಿಸ್ಬೇಕು. ಇಲ್ಲದ ಪ್ರೀತಿ ತುಂಬಿಸಿದ್ರೆ ಓದೋರಿಗೆ ಮೊದ್ಲು ಗೊತ್ತಾಗೋದು ಅದೇ.

ಮೇಡಂ ಬುಧವಾರ ಏನೂ ಹೇಳ್ಲಿಲ್ಲ, ಗುರುವಾರನೂ ಪತ್ರದ ಮಾತು ತೆಗಿಲಿಲ್ಲ, ಹುಡುಗಿ ಎರಡು ದಿನ ಅಕ್ಕ ತಪ್ಪಾಯ್ತಾ ತಪ್ಪಾಯ್ತಾ ಅಂತ ನನ್ ಪ್ರಾಣ ತಿಂದ್ಲು. ಭಾನುವಾರ ಬೆಳಗ್ಗೆ ಅವಳಿಗೆ ಮೇಡಂ ಸ್ವಂತ ಮೇಲ್‌ನಿಂದ ಉತ್ತರ ಬಂತು, ನನ್ಗೆ ಫೋನ್ ಮಾಡಿ ಓದಿದ್ಲು. "ಸ್ಕೇಲ್ ನನ್ನ ಹಳೇ ಡ್ರಾಯರ್‌ನಲ್ಲೇ ಇದೆ, ತಗೋ. ಈ ಸಲ 14 ಭಾನುವಾರ ಬರುತ್ತೆ, ವೆಂಡರ್‌ಗಳಿಗೆ ಸೋಮವಾರ ಬೆಳಗ್ಗೆನೇ ಫೋನ್ ಮಾಡ್ಬಿಡು. ಅಮ್ಮ ಈಗ ಹೇಗಿದಾರೆ?"